ಕ್ಲಿಪ್ಪರ್‌ನಲ್ಲಿ ಯಾವ ಡಯೋಡ್ ಆನ್? ಊಹಿಸಿ, ಲೆಕ್ಕ ಹಾಕಿ, ತಾಳೆ ನೋಡಿ

ಕ್ಲಿಪ್ಪರ್‌ನಲ್ಲಿ ಒಂದೇ ಡಯೋಡ್ ಇದ್ದರೆ ಅದು ಆನ್ ಆಗಿದೆಯೋ ಇಲ್ಲವೋ ಎಂದು ನೋಡಿದ ಕೂಡಲೇ ಹೇಳಬಹುದು. ಎರಡು ಡಯೋಡ್ ಒಂದೇ ನೋಡ್‌ಗೆ ಬಂದು ಸೇರಿದಾಗ ಕಣ್ಣಂದಾಜು ಕೈಕೊಡುತ್ತದೆ. ಒಂದು ಆನ್ ಆದರೆ ಸಾಕು, ಇನ್ನೊಂದಕ್ಕೆ ಸಿಗುವ ವೋಲ್ಟೇಜೇ ಬದಲಾಗುತ್ತದೆ.

ಹಾಳೆಯ ಮೇಲೆ ಈ ಸರ್ಕ್ಯೂಟ್ ಬರೆದುಕೊಳ್ಳಿ. ಇನ್‌ಪುಟ್ `vi` 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಔಟ್‌ಪುಟ್ ನೋಡ್ `vo` ತಲುಪುತ್ತದೆ. ಅಲ್ಲಿಂದ ಗ್ರೌಂಡ್‌ಗೆ ಎರಡು ದಾರಿ. ಮೊದಲನೆಯದರಲ್ಲಿ D1, ಇನ್ನೊಂದು 1 ಕಿಲೋ ಓಮ್ ಮತ್ತು 2 ವೋಲ್ಟ್ ಬ್ಯಾಟರಿ. ಎರಡನೆಯದರಲ್ಲಿ D2 ಮತ್ತು 4 ವೋಲ್ಟ್ ಬ್ಯಾಟರಿ ಮಾತ್ರ. ಎರಡೂ ಡಯೋಡ್‌ಗಳ ಆನೋಡ್ ನೋಡ್‌ನ ಕಡೆಗಿದೆ, ಬ್ಯಾಟರಿಗಳ ಪ್ಲಸ್ ಡಯೋಡ್‌ನ ಕಡೆಗಿದೆ.

ಮೊದಲು ಮಾಡೆಲ್. ಪೀಸ್‌ವೈಸ್ ಲೀನಿಯರ್ ಮಾಡೆಲ್‌ನಲ್ಲಿ ಡಯೋಡ್‌ನ ಬಾಗಿದ ರೇಖೆಯ ಬದಲು ಎರಡು ಸರಳ ರೇಖೆಗಳಿರುತ್ತವೆ. ಆಫ್ ಇದ್ದರೆ ಆ ದಾರಿ ಕಡಿದುಹೋದಂತೆ. ಆನ್ ಇದ್ದರೆ ಡಯೋಡ್‌ನ ಜಾಗದಲ್ಲಿ ಒಂದು ಸಣ್ಣ ಬ್ಯಾಟರಿ ಮತ್ತು ಸಣ್ಣ ರೆಸಿಸ್ಟರ್. ಇವುಗಳ ಬೆಲೆ ತಿಳಿಯಲು ನಿಮ್ಮ ಡಯೋಡ್ ಅನ್ನೇ ಎರಡು ಕರೆಂಟ್‌ಗಳಲ್ಲಿ ಅಳೆಯಿರಿ. 1 ಮಿಲಿಆಂಪ್‌ಗೆ 0.62 ವೋಲ್ಟ್, 5 ಮಿಲಿಆಂಪ್‌ಗೆ 0.70 ವೋಲ್ಟ್ ಬಂತು ಎನ್ನಿ. 0.08 ವೋಲ್ಟ್ ಅನ್ನು 4 ಮಿಲಿಆಂಪ್‌ನಿಂದ ಭಾಗಿಸಿದರೆ ರೆಸಿಸ್ಟರ್ 20 ಓಮ್. ರೇಖೆಯನ್ನು ಸೊನ್ನೆ ಕರೆಂಟ್‌ವರೆಗೆ ಎಳೆದರೆ ಬ್ಯಾಟರಿ 0.6 ವೋಲ್ಟ್.

ಈಗ `vi` 5 ವೋಲ್ಟ್ ಇದ್ದಾಗ ಏನಾಗುತ್ತದೆ ನೋಡೋಣ. ಎರಡೂ ಆಫ್ ಎಂದು ಊಹಿಸಿ. ಕರೆಂಟ್ ಇಲ್ಲ, ಹಾಗಾಗಿ ನೋಡ್ ಕೂಡ 5 ವೋಲ್ಟ್‌ನಲ್ಲೇ ಇರುತ್ತದೆ. D1 ಮೇಲೆ 3 ವೋಲ್ಟ್, D2 ಮೇಲೆ 1 ವೋಲ್ಟ್. ಆಫ್ ಡಯೋಡ್ ಮೇಲೆ 0.6ಕ್ಕಿಂತ ಹೆಚ್ಚು ಇರಕೂಡದು, ಆದ್ದರಿಂದ ಊಹೆ ತಪ್ಪು.

ಹೆಚ್ಚಿನವರು ಎಡವುವುದು ಇಲ್ಲೇ: ಎರಡೂ ಮಿತಿ ದಾಟಿವೆ, ಹಾಗಾದರೆ ಎರಡೂ ಆನ್ ಎಂದು ತೀರ್ಮಾನಿಸಿಬಿಡುತ್ತಾರೆ. ಹಾಗೇ ಲೆಕ್ಕ ಹಾಕಿ ನೋಡಿ:

```
(5 - vo)/1000 = (vo - 2.6)/1020 + (vo - 4.6)/20
vo = 4.57 V
iD2 = (4.57 - 4.6)/20 = -1.5 mA
```

ಆನ್ ಆಗಿರುವ ಡಯೋಡ್‌ನಲ್ಲಿ ಕರೆಂಟ್ ಹಿಮ್ಮುಖವಾಗಿ ಹರಿಯಲಾರದು. ಮೈನಸ್ ಚಿಹ್ನೆ ಬಂದರೆ ಲೆಕ್ಕದಲ್ಲಿ ಕೈತಪ್ಪಾಗಿದೆ ಎಂದು ಅಳಿಸಬೇಡಿ. D2 ಆಫ್ ಎಂದು ಸರ್ಕ್ಯೂಟೇ ಹೇಳುತ್ತಿದೆ.

ಆದ್ದರಿಂದ ಒಂದು ಸಲಕ್ಕೆ ಒಂದೇ ಡಯೋಡ್ ಬದಲಿಸಿ, ಮಿತಿಯನ್ನು ಹೆಚ್ಚು ಮೀರಿದ್ದನ್ನು ಮೊದಲು. ಇಲ್ಲಿ ಅದು D1. ಅದನ್ನು ಮಾತ್ರ ಆನ್ ಮಾಡಿದರೆ ಕರೆಂಟ್ 2.4 ಭಾಗಿಸು 2020, ಅಂದರೆ 1.19 ಮಿಲಿಆಂಪ್, ಪ್ಲಸ್ ಚಿಹ್ನೆ. ನೋಡ್ 3.81 ವೋಲ್ಟ್‌ಗೆ ಇಳಿಯಿತು. D2 ಮೇಲೆ ಈಗ ಮೈನಸ್ 0.19 ವೋಲ್ಟ್, ಆಫ್ ಎಂಬುದಕ್ಕೆ ಸರಿಹೊಂದುತ್ತದೆ. ಎರಡೂ ತಾಳೆಯಾದವು, ಉತ್ತರ ಸಿಕ್ಕಿತು. D1 ನೋಡ್ ಅನ್ನು ಕೆಳಗೆಳೆದದ್ದರಿಂದಲೇ D2 ಆನ್ ಆಗಲಿಲ್ಲ.

ಇದೇ ದಾರಿಯಲ್ಲಿ D2 ಯಾವಾಗ ಆನ್ ಆಗುತ್ತದೆ ಎಂದೂ ಕಂಡುಕೊಳ್ಳಬಹುದು. `vi` 2.6 ವೋಲ್ಟ್ ದಾಟುವವರೆಗೆ ಎರಡೂ ಆಫ್, ಔಟ್‌ಪುಟ್ ಇನ್‌ಪುಟ್‌ನಷ್ಟೇ. ಆಮೇಲೆ ಔಟ್‌ಪುಟ್ ಏರುವುದು ಅರ್ಧ ವೇಗದಲ್ಲಿ, 1020 ಭಾಗಿಸು 2020. ನೋಡ್ 4.6 ಮುಟ್ಟಲು ಇನ್ನೂ 2 ವೋಲ್ಟ್ ಏರಬೇಕು, ಅದಕ್ಕೆ ಇನ್‌ಪುಟ್ 3.96 ವೋಲ್ಟ್ ಏರಬೇಕು. ಹೀಗಾಗಿ D2 ಆನ್ ಆಗುವುದು 6.56 ವೋಲ್ಟ್‌ಗೆ, 4.6ಕ್ಕಲ್ಲ. ಅಲ್ಲಿಂದ ಮುಂದೆ ಇಳಿಜಾರು 0.02ಕ್ಕೂ ಕಡಿಮೆ, `vi` 10 ವೋಲ್ಟ್ ಆದರೂ ಔಟ್‌ಪುಟ್ 4.67ರಲ್ಲೇ ನಿಲ್ಲುತ್ತದೆ.

ಬ್ರೆಡ್‌ಬೋರ್ಡ್ ಮೇಲೆ ಕಟ್ಟುವಾಗ ಬ್ಯಾಟರಿಗಳ ಬದಲು ಪವರ್ ಸಪ್ಲೈ ಬಳಸುವವರು ಒಂದು ವಿಷಯ ಗಮನಿಸಬೇಕು. 10 ವೋಲ್ಟ್ ಶಿಖರದಲ್ಲಿ D2 ಮೂಲಕ 3.3 ಮಿಲಿಆಂಪ್, D1 ಮೂಲಕ 2 ಮಿಲಿಆಂಪ್ ಸಪ್ಲೈಯ ಪ್ಲಸ್ ತುದಿಯ ಒಳಕ್ಕೆ ಹರಿಯುತ್ತದೆ. ಸಾಮಾನ್ಯ ಸಪ್ಲೈ ಕರೆಂಟ್ ಕೊಡುತ್ತದೆ, ಒಳಗೆ ತೆಗೆದುಕೊಳ್ಳುವುದಿಲ್ಲ. ಅದರ ವೋಲ್ಟೇಜ್ ಮೇಲಕ್ಕೆ ಜಾರುತ್ತದೆ, ಜೊತೆಗೆ ಕ್ಲಿಪ್ಪಿಂಗ್ ಮಟ್ಟವೂ. ಪ್ರತಿ ಸಪ್ಲೈಯ ತುದಿಗಳಿಗೆ ಅಡ್ಡಲಾಗಿ 470 ಓಮ್ ಹಾಕಿ. 4 ವೋಲ್ಟ್‌ಗೆ 8.5, 2 ವೋಲ್ಟ್‌ಗೆ 4.3 ಮಿಲಿಆಂಪ್ ಅದರಲ್ಲೇ ಹರಿಯುವುದರಿಂದ ಡಯೋಡ್‌ನ ಕರೆಂಟ್‌ಗೂ ದಾರಿಯಾಗುತ್ತದೆ.

1 ಕಿಲೋಹರ್ಟ್ಸ್ ಸೈನ್ ಕೊಟ್ಟು, ಆಸಿಲೋಸ್ಕೋಪ್ ಅನ್ನು `X-Y` ಮೋಡ್‌ಗೆ ಹಾಕಿ, X ಪ್ರೋಬ್ ಅನ್ನು ಸರ್ಕ್ಯೂಟ್‌ನ ಇನ್‌ಪುಟ್‌ಗೂ Y ಅನ್ನು ನೋಡ್‌ಗೂ ಚುಚ್ಚಿ. ಪರದೆಯ ಮೇಲೆ ಎರಡು ಮೊಣಕೈ ಕಾಣುತ್ತವೆ. ಲೆಕ್ಕದಲ್ಲಿರುವಷ್ಟು ಚೂಪಾಗಿರುವುದಿಲ್ಲ, ನಿಜವಾದ ಡಯೋಡ್ 0.6ಕ್ಕೂ ಮೊದಲೇ ಸ್ವಲ್ಪ ಕರೆಂಟ್ ಬಿಡುವುದರಿಂದ ಮೂಲೆ ದುಂಡಗಾಗಿರುತ್ತದೆ. ಹಾಗಾಗಿ ಮೂಲೆಯನ್ನೇ ಅಳೆಯಬೇಡಿ. ಎರಡೂ ಕಡೆಯ ನೇರ ಭಾಗಗಳನ್ನು ಮುಂದುವರಿಸಿ, ಅವು ಸೇರುವ ಬಿಂದುವನ್ನು 6.56ಕ್ಕೆ ಹೋಲಿಸಿ.