ಭಾಗೀರತಿಗೆ ಹೇಳಿದ್ದು ಯಾರು?

ಪ್ರಶ್ನೆ ಬಂದಿದ್ದು ಹಿಂದಿನ ಬೆಂಚಿನಿಂದ. “ಮೇಡಂ, ಅವಳಿಗೆ ಯಾರು ಹೇಳಿದ್ರು?”

ಅರಸೀಕೆರೆಯ ಪಿಯು ತರಗತಿಯಲ್ಲಿ ‘ಕೆರೆಗೆ ಹಾರ’ ಅನ್ನೋ ಜನಪದ ಕಥನಗೀತೆ ಓದುತ್ತಿದ್ದೆವು. ಬೋರ್‌ವೆಲ್ ಬತ್ತಿದ್ದು, ತೆಂಗಿನ ಗರಿ ಒಣಗಿದ್ದು ನೋಡಿಯೇ ಬೆಳೆದ ಮಕ್ಕಳು. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸಿದ, ಅದರಲ್ಲಿ ಸೆರೆಮುಕ್ಕ ನೀರಿಲ್ಲ ಅಂದರೆ ವಿವರಿಸೋದೇನೂ ಬೇಕಾಗಿಲ್ಲ. ಗೌಡ ಹೊತ್ತಿಗೆ ತೆಗೆಸಿ ಶಾಸ್ತ್ರ ಕೇಳುತ್ತಾನೆ. ಹಿರಿಸೊಸೆಯನ್ನು ಕೆರೆಗೆ ಹಾರ, ಅಂದರೆ ಬಲಿ, ಕೊಡಬೇಕು ಅಂತ ಬರುತ್ತೆ. ಹಿರಿಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಮೋಸ, ಕಿರಿಸೊಸೆ ಭಾಗೀರತಿಯನ್ನು ಕೊಡೋಣ ಅಂತ ತೀರ್ಮಾನ ಆಗುತ್ತೆ. ಆಮೇಲೆ ನೋಡಿದರೆ ಭಾಗೀರತಿ ತವರಿನ ದಾರಿ ಹಿಡಿದಿದ್ದಾಳೆ, ಕಣ್ಣಲ್ಲಿ ನೀರು.

ತೀರ್ಮಾನಕ್ಕೂ ಕಣ್ಣೀರಿಗೂ ನಡುವೆ ಏನಾಯಿತು? ನಾನು ಎಷ್ಟೋ ವರ್ಷ ಈ ಪಾಠ ಮಾಡಿದ್ದೆ. ಈ ಸಂದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಉಳಿದ ಮಕ್ಕಳು ಬಿಡಲಿಲ್ಲ. ಆಳಿನ ಹೆಂಗಸು ಹೇಳಿರಬೇಕು ಅಂದರು. ಬಾಗಿಲ ಸಂದಿಯಲ್ಲಿ ಕೇಳಿಸಿಕೊಂಡಿರಬೇಕು ಅಂದರು. ಇದು ಸೀರಿಯಲ್ ನೋಡೋ ರೀತಿ. ಕಥೆಯಲ್ಲಿ ತೂತು ಕಂಡರೆ ಕೈಗೆ ಸಿಕ್ಕಿದ್ದು ತುಂಬಿಬಿಡೋದು. ನಾನೂ ಆವತ್ತು “ಇರಬಹುದು” ಅಂದು ಮುಂದಕ್ಕೆ ಹೋದೆ. ಮನೆಗೆ ಬಂದ ಮೇಲೆ ತಲೆಯಲ್ಲಿ ಅದೇ ಕೊರೆಯುತ್ತಿತ್ತು.

ಇಂಥ ಕಡೆ ನಾನು ಮಾಡೋದು ಇಷ್ಟೇ. ಉದ್ದ ನೋಟ್‌ಬುಕ್ಕಿನ ಎಡಪುಟದಲ್ಲಿ ಪದ್ಯವನ್ನು ಕೈಯಲ್ಲಿ ನಕಲು ಮಾಡುತ್ತೇನೆ, ಸಾಲು ಬಿಟ್ಟು ಸಾಲು. ಬಲಪುಟದಲ್ಲಿ ಪ್ರತಿ ಮಾತಿಗೂ ಯಾರು ಹೇಳಿದ್ದು, ಯಾರಿಗೆ, ಅದಕ್ಕೆ ಉತ್ತರ ಬಂತಾ ಅಂತ ಬರೆಯುತ್ತೇನೆ. ಪೆನ್ಸಿಲ್ಲೇ ಬೇಕು, ಅಳಿಸೋದು ಜಾಸ್ತಿ ಇರುತ್ತೆ. ಬರೆಯುತ್ತಾ ಹೋದಂತೆ ಪದ್ಯ ಯಾವುದನ್ನು ಎರಡು ಸಲ, ಮೂರು ಸಲ ಒಂದೇ ರೀತಿ ಮಾಡುತ್ತೆ ಅನ್ನೋದು ಕಾಣಿಸುತ್ತೆ. ಆ ರೂಢಿ ಎಲ್ಲಿ ತಪ್ಪುತ್ತೋ ಅಲ್ಲಿ ನಿಲ್ಲಬೇಕು. ಪದ್ಯದಲ್ಲಿ ಇಲ್ಲದ್ದು ಸಾವಿರ ಇರುತ್ತೆ. ಭಾಗೀರತಿ ಯಾವ ಬಣ್ಣದ ಸೀರೆ ಉಟ್ಟಿದ್ದಳು ಅಂತಲೂ ಹೇಳಿಲ್ಲ. ಅದು ಮೌನ ಅಲ್ಲ, ಸುಮ್ನೆ ಬೇಡದ್ದು. ಪದ್ಯ ಒಂದು ಮಾತಿಗೆ ಜಾಗ ಮಾಡಿಟ್ಟು, ಅಲ್ಲಿ ಮಾತು ಇಡದೆ ಹೋಗಿದ್ದರೆ ಮಾತ್ರ ನಾನು ಅದನ್ನು ಮೌನ ಅನ್ನುತ್ತೇನೆ.

ತವರಿನಲ್ಲಿ ಆ ಜಾಗ ಸಿಕ್ಕಿತು. ಎಂದೂ ಬಾರದ ಮಗಳು ಇವತ್ತು ಯಾಕೆ ಬಂದೆ, ಕಣ್ಣಲ್ಲಿ ಯಾಕೆ ನೀರು ಅಂತ ಅಪ್ಪ ಕೇಳುತ್ತಾನೆ. ಅವಳು ಅನ್ನುತ್ತಾಳೆ: “ನಮ್ಮತ್ತಿ ನಮ್ಮಾವ ಬ್ಯಾರೆ ಇಡತಾರಂತ.” ಅತ್ತೆ ಮಾವ ಬೇರೆ ಸಂಸಾರ ಹೂಡಿಸುತ್ತಾರೆ ಅಂತ. ಇಟ್ಟರೆ ಇಡಲಿ, ಹೊಲ ಮನೆ ಕೊಡುತ್ತೇನೆ ಅನ್ನುತ್ತಾನೆ ಅಪ್ಪ. ಆ ಹೊಲ ಮನೆ ಒಯ್ದು ಹೊಳೆದಂಡೆಗೆ ಹಾಕು ಅನ್ನುತ್ತಾಳೆ ಮಗಳು. ಅವ್ವನಿಗೂ ಅದೇ ಸುಳ್ಳು. ಅವ್ವ ಕಿವಿಯ ವಾಲೆ ಕೊಡುತ್ತೇನೆ ಅಂದರೆ ಅದನ್ನು ಒಲೆಗೆ ಹಾಕು ಅನ್ನುತ್ತಾಳೆ.

ಆಮೇಲೆ ಗೆಳತಿಯ ಮನೆ. ಕೇಳೋದು ಅದೇ ಪ್ರಶ್ನೆ. ಉತ್ತರವೂ ಅದೇ ಸಾಲು, ನಡುವೆ ಮಾತ್ರ ಬೇರೆ: “ನಮ್ಮತ್ತಿ ನಮ್ಮಾವ ಕೆರೆಗೆ ಹಾರ ಕೊಡತಾರಂತ.”

ಎರಡು ಸಾಲನ್ನೂ ಒಂದರ ಕೆಳಗೊಂದು ಬರೆದುಕೊಂಡಾಗ ಕಂಡಿದ್ದು ಆ ಕೊನೆಯ ‘ಅಂತ’. ನಮ್ಮ ಹಾಸನದ ಕಡೆ ‘ಬರ್ತಾನೆ ಅಂತ’ ಅಂದರೆ ಮುಂದೆ ಇನ್ನೇನೋ ಬರಬೇಕು. ಬರ್ತಾನೆ ಅಂತ ಹೇಳಿದ, ಬರ್ತಾನೆ ಅಂತ ಕಾದೆ, ಹೀಗೆ. ಅದಕ್ಕೇ ನಮ್ಮ ಮಕ್ಕಳಿಗೆ ಆ ಸಾಲು ಅರ್ಧಕ್ಕೇ ನಿಂತ ಹಾಗೆ ಕಾಣುತ್ತೆ. ಸ್ಟಾಫ್ ರೂಮಿನಲ್ಲಿ ಗದಗದ ಕಡೆಯ ಸಹೋದ್ಯೋಗಿಯೊಬ್ಬರಿದ್ದರು. ಅವರನ್ನು ಕೇಳಿದೆ. ಅವರು ನಕ್ಕು, “ಮೇಡಂ, ನಮ್ಮ ಕಡೆ ಬರ್ತಾನಂತ ಅಂದ್ರ, ನಿಮ್ಮ ಕಡೆ ಬರ್ತಾನಂತೆ ಅಂತೀರಲ್ರೀ, ಅದು” ಅಂದರು.

ಅಂತೆ! ಅಂದರೆ ಕೊಡುತ್ತಾರೆ ಅಂತಲ್ಲ, ಕೊಡುತ್ತಾರಂತೆ. ಎದುರು ಕೂರಿಸಿಕೊಂಡು ಯಾರೂ ಅವಳಿಗೆ ಹೇಳಿಲ್ಲ. ತನ್ನ ಸಾವಿನ ಸುದ್ದಿಯನ್ನು ಪಕ್ಕದೂರಿನ ಜಾತ್ರೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಾಳೆ. ಹಿಂದಿನ ಬೆಂಚಿನ ಪ್ರಶ್ನೆಗೆ ಪದ್ಯದೊಳಗೇ ಒಂದು ಗುರುತು ಇತ್ತು, ಹೆಸರಿರಲಿಲ್ಲ ಅಷ್ಟೆ. ಹಾಗಂತ ಈ ಒಂದು ಪ್ರತ್ಯಯದ ಮೇಲೆ ಪೂರ್ತಿ ಭಾರ ಹಾಕೋದು ತಪ್ಪು. ಇದು ಬಾಯಿಂದ ಬಾಯಿಗೆ ಬಂದ ಹಾಡು. ಹಾಡುವವರಿಗೆ ಸಾಲು ಮುಗಿಸಲು ಸಿದ್ಧವಾದ ತುಣುಕುಗಳಿರುತ್ತವೆ, ಒಂದು ಪಾಠಾಂತರದಿಂದ ಇನ್ನೊಂದಕ್ಕೆ ಅಕ್ಷರವೂ ಅಷ್ಟಿಷ್ಟು ಬದಲಾಗುತ್ತೆ. ಅದಕ್ಕೆ ಇನ್ನೊಂದು ಪರೀಕ್ಷೆ ಮಾಡಿದೆ.

ಪದ್ಯ ಬಿಟ್ಟಿದ್ದನ್ನು ನಾನೇ ಬರೆದು ಸೇರಿಸಿದೆ. ಅತ್ತೆ ಸೊಸೆಯನ್ನು ಕರೆದು, “ಕೇಳವ್ವ ಭಾಗೀರತಿ” ಅಂತ ಶುರುಮಾಡಿ ವಿಷಯ ಹೇಳುವ ಎರಡು ಸಾಲು. ಮಾರನೇ ದಿನ ಆ ಸಾಲು ಸೇರಿಸಿ ತರಗತಿಯಲ್ಲಿ ಓದಿದೆ. ಮಕ್ಕಳು ತಕ್ಷಣ ಅತ್ತೆಯ ಬಗ್ಗೆ ಮಾತಾಡಲು ಶುರುಮಾಡಿದರು. ಪಾಪ ಅವಳಿಗೂ ಕಷ್ಟ ಆಗಿರುತ್ತೆ ಅಂದಳು ಒಬ್ಬಳು. ಹಾಗಾದರೆ ಭಾಗೀರತಿ ಯಾಕೆ ಬೇಡ ಅನ್ನಲಿಲ್ಲ ಅಂತ ಇನ್ನೊಬ್ಬ. ಹೇಳುವ ದೃಶ್ಯ ಬಂದರೆ ಕೇಳುವ ದೃಶ್ಯ ಬರಬೇಕು, ಒಪ್ಪೋದೋ ಒಲ್ಲೆ ಅನ್ನೋದೋ ಬರಬೇಕು. ಸಾಲು ತೆಗೆದು ಮತ್ತೆ ಓದಿದೆ. ಈಗ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ, ಯಾಕೆಂದರೆ ಅವಳನ್ನು ಯಾರೂ ಕೇಳಿಯೇ ಇಲ್ಲ. ನಾನು ಸೇರಿಸಿದ ಎರಡು ಸಾಲು ಆ ಮನೆಯವರಿಗೆ ಇಲ್ಲದ ಮರ್ಯಾದೆಯನ್ನು ತಂದುಕೊಟ್ಟಿತ್ತು.

ಆ ಭಾನುವಾರ ಮನೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಒಂದು ಮೊರ ಎಳೆದುಕೊಂಡು ಕೂತು ಕಥೆ ಹೇಳಿದೆ. “ಅವಳಿಗೆ ಹೇಗೆ ಗೊತ್ತಾಯ್ತು ಅಂತೀರಾ ಅತ್ತೆ?” ಅಂದೆ. ಅವರು ತಲೆ ಎತ್ತಲಿಲ್ಲ. “ಇದೊಂದು ಕೇಳೋ ಮಾತೇನೆ? ನೀನು ಅಡುಗೆಮನೆಗೆ ಬಂದ ತಕ್ಷಣ ನಾವು ಮಾತು ನಿಲ್ಲಿಸಿದ್ರೆ ನಿಂಗೆ ಗೊತ್ತಾಗಲ್ವಾ?” ಇಪ್ಪತ್ತು ವರ್ಷದಲ್ಲಿ ಎಷ್ಟು ಸಲ ನಿಲ್ಲಿಸಿದ್ದಾರೋ ಅಂತ ನಾನು ಲೆಕ್ಕ ಹಾಕುತ್ತಾ ಕೂತೆ. ಅದು ಬೇರೆ ಕಥೆ.

ಗೆಳತಿಯ ಭಾಗಕ್ಕೆ ವಾಪಸ್ ಬರುತ್ತೇನೆ. ಈ ಹಾಡಿನ ದೊಡ್ಡ ಮೌನ ಅಲ್ಲಿದೆ ಅಂತ ನನಗೆ ಅನಿಸೋದು. ಕೊಟ್ಟರೆ ಕೊಡಲಿ ಬಿಡು, ಇಟ್ಟ ಹಾಗೆ ಇರಬೇಕು ಅನ್ನುತ್ತಾಳೆ ಗೆಳತಿ. ವಾಕ್ಯದ ಕಟ್ಟು ಅಪ್ಪನದೇ. ಇಟ್ಟರೆ ಇಡಲಿ ಅಂತ ಅವನು, ಕೊಟ್ಟರೆ ಕೊಡಲಿ ಅಂತ ಇವಳು. ಸುಳ್ಳಿಗೆ ಸಿಕ್ಕ ಸಮಾಧಾನವೇ ನಿಜಕ್ಕೂ ಸಿಗುತ್ತೆ. ಆದರೆ ಬಲಪುಟ ನೋಡಿದರೆ ಎರಡು ಕಡೆ ಖಾಲಿ. ತವರಿನವರು ಕೊಡುತ್ತೇನೆ ಅಂತ ಒಂದೊಂದು ವಸ್ತು ಮುಂದಿಡುತ್ತಾರೆ. ಗೆಳತಿ ಏನೂ ಮುಂದಿಡುವುದಿಲ್ಲ. ಈ ಕಷ್ಟಕ್ಕೆ ಕೊಡುವಂಥದ್ದು ಲೋಕದಲ್ಲಿ ಯಾವುದೂ ಇಲ್ಲ. ಇನ್ನೊಂದು, ತವರಿನವರ ಮಾತಿಗೆಲ್ಲ ಭಾಗೀರತಿ ಎದುರು ಮಾತು ಆಡಿದ್ದಳು, ಸಿಟ್ಟಿನಿಂದಲೇ ಆಡಿದ್ದಳು. ಗೆಳತಿಗೆ ಏನೂ ಅನ್ನುವುದಿಲ್ಲ. ಎದ್ದು ಅತ್ತೆಮನೆಗೆ ನಡೆಯುತ್ತಾಳೆ. ಹಾಡು ಉತ್ತರಕ್ಕೆ ನಮ್ಮ ಕಿವಿ ಪಳಗಿಸಿಟ್ಟು, ಇಲ್ಲಿ ಉತ್ತರ ಕೊಡಲ್ಲ. ಇದನ್ನು ಗಟ್ಟಿಯಾಗಿ ಓದುವಾಗ ಮಕ್ಕಳೇ ಒಂದು ಕ್ಷಣ ಕಾಯುತ್ತಾರೆ. ನಾನು ಹೇಳಿಕೊಟ್ಟಿದ್ದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಪೆದ್ದುತನವನ್ನೂ ಹೇಳಬೇಕಲ್ವಾ. ಒಂದು ವರ್ಷ ಜಿಲ್ಲೆಯ ಕನ್ನಡ ಅಧ್ಯಾಪಕರ ಸಭೆಯಲ್ಲಿ ಈ ಹಾಡಿನ ಬಗ್ಗೆ ಮಾತಾಡಿದೆ. ಭಾಗೀರತಿ ಕೆರೆಗೆ ಹಾರವಾದ ಮೇಲೆ, ಗಂಡ ಮಾದೇವರಾಯ ದಂಡಿನಲ್ಲಿದ್ದವನು ಕೆಟ್ಟ ಕನಸು ಕಂಡು ಮನೆಗೆ ಬರುತ್ತಾನೆ, ಬಂದವನು ನೇರ ಕೆರೆಗೆ ಹೋಗಿ ಹಾರುತ್ತಾನೆ, ಅವನಿಗೆ ಯಾರೂ ಏನೂ ಹೇಳಬೇಕಾಗಿಯೇ ಇಲ್ಲ, ಎಂಥ ಮೌನ ನೋಡಿ ಅಂದೆ. ಚಪ್ಪಾಳೆಯೂ ಬಿತ್ತು. ಊಟದ ಸಾಲಿನಲ್ಲಿ ಒಬ್ಬ ಹಿರಿಯರು ಬಂದು, “ನಡುವೆ ಅವನು ತವರಿಗೂ ಗೆಳತಿ ಮನೆಗೂ ಹೋಗ್ತಾನಲ್ಲಮ್ಮ?” ಅಂತ ಮೆಲ್ಲಗೆ ಕೇಳಿದರು. ನನ್ನ ಹತ್ತಿರ ಇದ್ದದ್ದು ಜೆರಾಕ್ಸ್. ಅದರಲ್ಲಿ ಒಂದು ಪುಟವೇ ಇರಲಿಲ್ಲ. ಅಂಗಡಿಯವನ ಮೌನಕ್ಕೆ ನಾನು ಅರ್ಥ ಹೇಳಿದ್ದೆ. ಅವತ್ತಿನಿಂದ ಯಾವುದೇ ಹಾಡಿನ ಎರಡು ಪಾಠಾಂತರವನ್ನಾದರೂ ಪಕ್ಕಪಕ್ಕ ಇಟ್ಟು ನೋಡದೆ ಇದು ಬಿಟ್ಟಿದ್ದು ಅನ್ನುವುದಿಲ್ಲ.

ಆ ಪುಟ ತರಿಸಿಕೊಂಡು ನಕಲು ಮಾಡಿದೆ. ಮಾದೇವರಾಯ ಹೆಂಡತಿ ಎಲ್ಲಿ ಅಂತ ಕೇಳುತ್ತಾನೆ. ತವರಿಗೆ ಹೋಗಿದ್ದಾಳೆ ಅನ್ನುತ್ತಾರೆ ಅಪ್ಪ ಅಮ್ಮ. ಅದು ಗೊತ್ತಿದ್ದೂ ಹೇಳಿದ ಸುಳ್ಳು. ಕುದುರೆ ಹತ್ತಿ ತವರಿಗೆ ಹೋದರೆ, ಗೆಳತಿ ಮನೆಗೆ ಹೋಗಿದ್ದಾಳೆ ಅನ್ನುತ್ತಾರೆ. ಗೆಳತಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ಹೆಂಡತಿ ನಡೆದ ದಾರಿಯನ್ನೇ ಗಂಡನೂ ನಡೆದು, ಅದೇ ಬಾಗಿಲಲ್ಲಿ ನಿಜ ಕೇಳುತ್ತಾನೆ.

ಇದರಿಂದ ನನ್ನ ಹಳೇ ಗುರುತೊಂದು ಅಳಿಸಬೇಕಾಯಿತು. ಭಾಗೀರತಿಯ ಅಪ್ಪನ ಸಾಲಿನ ಎದುರು ‘ಇವನಿಗೆ ಗೊತ್ತು, ಕೇಳುತ್ತಿಲ್ಲ’ ಅಂತ ಬರೆದಿದ್ದೆ. ಹೊಲ ಮನೆಯನ್ನು ಹೊಳೆದಂಡೆಗೆ ಹಾಕು ಅಂತ ಮಗಳು ಅಂದಾಗ ಯಾವ ಅಪ್ಪನಿಗಾದರೂ ಅನುಮಾನ ಬರಬೇಕು, ಅವನು ಎರಡನೇ ಪ್ರಶ್ನೆ ಕೇಳದೆ ಇರೋದು ಬೇಕಂತಲೇ ಅನ್ನೋದು ನನ್ನ ವಾದ. ಆದರೆ ತವರಿನವರಿಗೆ ಗೊತ್ತಿರೋದು ಮಗಳು ಗೆಳತಿ ಮನೆ ಕಡೆ ಹೋದಲ್ಲಿಗೆ ನಿಂತಿದೆ. ಅಳಿಯ ಬಂದಾಗಲೂ ಅವರಿಗೆ ತಿಳಿದಿರೋದು ಅಷ್ಟೇ ಇರಬೇಕು. ಹಾಗಾಗಿ ಆ ಸಾಲನ್ನು ಅಳಿಸಿ ‘ಇವನಿಗೆ ಗೊತ್ತಿಲ್ಲ’ ಅಂತ ಬರೆದೆ. ‘ಕೇಳುತ್ತಿಲ್ಲ’ ಅನ್ನೋದನ್ನು ಹಾಗೇ ಬಿಟ್ಟಿದ್ದೇನೆ.