‘ಕಟ್ಟಿದ ಫೀಸು’ ಎಂಬ ಎರಡು ಪದ: ಕೋಚಿಂಗ್ ಸೆಂಟರಿನಿಂದ ಹಣ ವಾಪಸ್ ಪಡೆದ ನನ್ನ ಅನುಭವ

ಮಗನಿಗೆ ಕೆಇಎ ಎರಡನೇ ಸುತ್ತಿನಲ್ಲಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆ ಹೊತ್ತಿಗೆ ಅವನು ದಾವಣಗೆರೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ನೀಟ್ ಲಾಂಗ್ ಟರ್ಮ್‌ಗೆ ಸೇರಿ ಐದು ವಾರ ಆಗುತ್ತಾ ಬಂದಿತ್ತು. ಪೂರ್ತಿ ವರ್ಷದ ಫೀಸು ಒಂದೇ ಸಲಕ್ಕೆ ಕಟ್ಟಿದ್ದೆವು: 1,41,600 ರೂಪಾಯಿ. ಕೌಂಟರಿನಲ್ಲಿದ್ದ ಹುಡುಗಿ, "ಆಂಟಿ, ಕ್ಲಾಸಿಗೆ ಬಂದ ಮೇಲೆ ರೀಫಂಡ್ ಇರಲ್ಲ" ಎಂದಳು. ನಮ್ಮೂರು ರಾಣೆಬೆನ್ನೂರಿನಲ್ಲೂ ಎಲ್ಲರೂ ಅದನ್ನೇ ಹೇಳಿದರು. ಕೋಚಿಂಗಿಗೆ ಕಟ್ಟಿದ ದುಡ್ಡು ಹೋದಂಗೇ ಅಂತ.

ಅವತ್ತು ರಾತ್ರಿ ಅಡ್ಮಿಷನ್ ಫಾರಂ ತೆಗೆದು ಹಿಂಬದಿ ಓದಿದೆ. ಸೇರಿಸುವಾಗ ಸಹಿ ಹಾಕಿದ್ದು ನಾನೇ, ಆದರೆ ಆಗ ಓದಿರಲಿಲ್ಲ. ಸಣ್ಣ ಅಕ್ಷರದಲ್ಲಿ ಹನ್ನೊಂದು ನಿಯಮಗಳಿದ್ದವು. ಏಳನೆಯದು ರೀಫಂಡ್ ಬಗ್ಗೆ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಬ್ಯಾಚ್ ಶುರುವಾದ 15 ದಿನದೊಳಗೆ ಬಿಟ್ಟರೆ ಕಟ್ಟಿದ ಟ್ಯೂಷನ್ ಫೀಸಿನ ಶೇ. 90 ವಾಪಸ್. 16ರಿಂದ 45 ದಿನದೊಳಗೆ ಬಿಟ್ಟರೆ ಶೇ. 60. ಆಮೇಲೆ ಏನೂ ಇಲ್ಲ. ರಿಜಿಸ್ಟ್ರೇಷನ್ ಫೀಸು ವಾಪಸ್ ಇಲ್ಲ. ಕೊಟ್ಟ ಪುಸ್ತಕಗಳ ಹಣ ವಾಪಸ್ ಇಲ್ಲ. ಲಿಖಿತ ಅರ್ಜಿ ತಲುಪಿದ ದಿನವೇ ಬಿಟ್ಟ ದಿನ ಎಂದು ಲೆಕ್ಕ. ಅರ್ಜಿ ತಲುಪಿ 30 ಕೆಲಸದ ದಿನಗಳಲ್ಲಿ ಹಣ ಕೊಡಲಾಗುವುದು.

ಅಂದರೆ ಕೌಂಟರಿನಲ್ಲಿ ಹೇಳಿದ ಮಾತು ಅವರದೇ ನಿಯಮಕ್ಕೆ ವಿರುದ್ಧವಾಗಿತ್ತು. ಕ್ಯಾಲೆಂಡರ್ ನೋಡಿದೆ. ಮಗ ಸೇರಿದ್ದು ಒಂದು ವಾರ ತಡವಾಗಿ, ಆದರೆ ಫಾರಂನಲ್ಲಿ ‘ಬ್ಯಾಚ್ ಶುರುವಾದ’ ಎಂದಿತ್ತು, ‘ವಿದ್ಯಾರ್ಥಿ ಸೇರಿದ’ ಎಂದಿರಲಿಲ್ಲ. ಹಾಗಾಗಿ ಲೆಕ್ಕ ಬ್ಯಾಚಿನ ಮೊದಲ ದಿನದಿಂದಲೇ. ಅವತ್ತಿಗೆ 40ನೇ ದಿನ ಮುಗಿದಿತ್ತು.

ಮರುದಿನ ಮತ್ತೆ ಹೋದೆ. ಸೆಂಟರ್ ಮ್ಯಾನೇಜರ್ ಸಭ್ಯವಾಗಿಯೇ ಮಾತಾಡಿದರು. "ಮೇಡಂ, ರೀಫಂಡ್ ಫಾರಂ ಹೆಡ್ ಆಫೀಸಿನಿಂದ ಬರಬೇಕು. ಮುಂದಿನ ವಾರ ಬನ್ನಿ, ಮಾಡಿಕೊಡೋಣ" ಎಂದರು. ಇಲ್ಲೇ ತುಂಬಾ ಜನ ಹಣ ಕಳೆದುಕೊಳ್ಳುವುದು. ಮುಂದಿನ ವಾರ ಎಂದರೆ 48ನೇ ದಿನ. ಶೇ. 60 ಹೋಗಿ ಸೊನ್ನೆ ಆಗುತ್ತಿತ್ತು. ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಆದರೆ ನಿಯಮದಲ್ಲಿ ‘ಲಿಖಿತ ಅರ್ಜಿ’ ಎಂದಿತ್ತೇ ಹೊರತು ‘ನಮ್ಮ ಫಾರಂನಲ್ಲೇ’ ಎಂದಿರಲಿಲ್ಲ. ಅಲ್ಲೇ ರಿಸೆಪ್ಷನ್ನಿನ ಸೋಫಾದಲ್ಲಿ ಕೂತು ಮೊಬೈಲಿನಿಂದ ಇಮೇಲ್ ಕಳಿಸಿದೆ. ರಸೀದಿಯ ಮೇಲಿದ್ದ ವಿಳಾಸಕ್ಕೂ, ಹೆಡ್ ಆಫೀಸಿನ ವಿಳಾಸಕ್ಕೂ. ಅದನ್ನೇ ಕಾಗದದ ಮೇಲೆ ಬರೆದು ಒಂದು ಪ್ರತಿಗೆ ಸೀಲ್ ಹಾಕಿಕೊಡಿ ಎಂದೆ. ಹಾಕಲಿಲ್ಲ. ಅದಕ್ಕೆ ಸಂಜೆಯೇ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿದೆ. ಅದು ತಲುಪಿದ್ದು 43ನೇ ದಿನ. ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಪತ್ರ ಉದ್ದ ಇರಲಿಲ್ಲ. ಮೊದಲ ಸಾಲಿನಲ್ಲಿ ಮಗನ ಹೆಸರು, ರಿಜಿಸ್ಟ್ರೇಷನ್ ನಂಬರ್, ಬ್ಯಾಚ್, ಇಂದಿನಿಂದ ಕೋರ್ಸ್ ಬಿಡುತ್ತಿದ್ದಾನೆ ಎಂಬ ಮಾತು. ಆಮೇಲೆ ‘ನಿಮ್ಮ ಅಡ್ಮಿಷನ್ ಫಾರಂನ 7ನೇ ನಿಯಮದ ಪ್ರಕಾರ’ ಎಂದು ಬರೆದು, ಆ ನಿಯಮವನ್ನು ಒಂದಕ್ಷರ ಬದಲಿಸದೆ ಹಾಗೇ ಇಳಿಸಿದೆ. ಅದರ ಕೆಳಗೆ ಲೆಕ್ಕ. ರಸೀದಿಯಲ್ಲಿ ರಿಜಿಸ್ಟ್ರೇಷನ್ 8,000, ಟ್ಯೂಷನ್ 1,00,000, ಪುಸ್ತಕ ಮತ್ತು ಟೆಸ್ಟ್ 12,000, ಒಟ್ಟು 1,20,000, ಅದರ ಮೇಲೆ ಶೇ. 18 ಜಿಎಸ್‌ಟಿ 21,600 ಎಂದು ಬಿಡಿಸಿ ಹಾಕಿದ್ದರು. ಹಾಗಾಗಿ ನಾನು ಕೇಳಿದ್ದು ಟ್ಯೂಷನ್ನಿನ ಶೇ. 60, ಅಂದರೆ 60,000. ಜೊತೆಗೆ ಆ ಮೊತ್ತಕ್ಕೆ ಕಟ್ಟಿದ್ದ ಜಿಎಸ್‌ಟಿ 10,800. ಒಟ್ಟು 70,800. ಕೊನೆಗೆ ಬ್ಯಾಂಕ್ ಖಾತೆ ವಿವರ, 30 ಕೆಲಸದ ದಿನ ಯಾವತ್ತಿಗೆ ಮುಗಿಯುತ್ತದೆ ಎಂಬ ತಾರೀಖು. ಮಗನ ಕಷ್ಟ, ನಮ್ಮ ಕಷ್ಟ ಏನೂ ಬರೆಯಲಿಲ್ಲ. ಸೀಟು ಸಿಕ್ಕ ವಿಷಯ ಕೂಡ ಒಂದೇ ಸಾಲು. ಬಿಡುವ ಕಾರಣ ಏನಿರಬೇಕು ಎಂದು ಅವರ ನಿಯಮ ಕೇಳುತ್ತಲೇ ಇರಲಿಲ್ಲ.

ಇಲ್ಲಿ ಒಂದು ವಿಷಯ ಯೋಚಿಸಬೇಕಾಯಿತು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಪೂರ್ತಿ ಫೀಸು ಕಟ್ಟಿ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಫೀಸನ್ನು ಅದೇ ಪ್ರಮಾಣದಲ್ಲಿ 10 ದಿನದೊಳಗೆ ಕೊಡಬೇಕು, ಸೆಂಟರಿನ ಹಾಸ್ಟೆಲಿನಲ್ಲಿದ್ದರೆ ಹಾಸ್ಟೆಲ್ ಮತ್ತು ಮೆಸ್ ಹಣವನ್ನೂ ಕೊಡಬೇಕು ಎಂದು ಅದರಲ್ಲಿದೆ. ಹಾಗೆ ಲೆಕ್ಕ ಹಾಕಿದರೆ 300 ದಿನದ ಕೋರ್ಸಿನಲ್ಲಿ 41 ದಿನ ಕಳೆದು, ನಮಗೆ ಟ್ಯೂಷನ್ನಿನಲ್ಲೇ 86,000ಕ್ಕಿಂತ ಜಾಸ್ತಿ ಬರಬೇಕು. ಆಸೆ ಆಗಿದ್ದು ನಿಜ. ಆದರೆ ಅದು ರಾಜ್ಯಗಳು ಜಾರಿಗೆ ತರಲಿ ಎಂದು ಕೊಟ್ಟ ಮಾರ್ಗಸೂಚಿ, ತಾನೇ ಕಾಯ್ದೆ ಅಲ್ಲ. ಅದನ್ನೇ ಮುಂದಿಟ್ಟರೆ ‘ಇದು ನಮಗೆ ಅನ್ವಯಿಸಲ್ಲ’ ಎಂಬ ವಾದ ಶುರುವಾಗುತ್ತಿತ್ತು. ಅವರೇ ಅಚ್ಚು ಹಾಕಿಸಿದ, ಅವರೇ ನನ್ನಿಂದ ಸಹಿ ಹಾಕಿಸಿಕೊಂಡ ನಿಯಮ ಅನ್ವಯಿಸಲ್ಲ ಎಂದು ಅವರು ಹೇಳುವ ಹಾಗಿಲ್ಲ, ಅಲ್ವಾ? ನಾನು ಅದನ್ನೇ ಹಿಡಿದೆ. ಮಾರ್ಗಸೂಚಿಯನ್ನು ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ನೆನಪಿಸಿದೆ. ಅವರ ಫಾರಂನಲ್ಲಿ ‘ಯಾವ ಕಾರಣಕ್ಕೂ ರೀಫಂಡ್ ಇಲ್ಲ’ ಎಂದೇ ಇದ್ದಿದ್ದರೆ ದಾರಿ ಬೇರೆ ಆಗುತ್ತಿತ್ತು. ಆಗ ಮಾರ್ಗಸೂಚಿಯನ್ನೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅನ್ಯಾಯದ ಕರಾರು ಎಂಬ ಅಂಶವನ್ನೂ ಮುಂದಿಡಬೇಕಾಗುತ್ತಿತ್ತು.

ನಾಲ್ಕು ದಿನ ಬಿಟ್ಟು ಫೋನ್ ಬಂತು. ಮುಂದಿನ ವರ್ಷದ ಬ್ಯಾಚಿಗೆ ಹೊಂದಿಸುತ್ತೇವೆ ಎಂದರು. ತಮ್ಮನೋ ತಂಗಿಯೋ ಇದ್ದರೆ ಅವರ ಹೆಸರಿಗೆ ಮಾಡಿಕೊಡುತ್ತೇವೆ ಎಂದರು. ಬೇಡ ಎಂದೆ. ಫೋನ್ ಇಟ್ಟ ತಕ್ಷಣ, ‘ಇಂದು ಫೋನಿನಲ್ಲಿ ನೀವು ಹೀಗೆ ಹೇಳಿದಿರಿ, ನಾನು ಒಪ್ಪಿಲ್ಲ, 7ನೇ ನಿಯಮದ ಪ್ರಕಾರ ಹಣವನ್ನೇ ಕೇಳುತ್ತಿದ್ದೇನೆ’ ಎಂದು ಇಮೇಲ್ ಮಾಡಿದೆ. ಫೋನಿನ ಮಾತಿಗೆ ಸಾಕ್ಷಿ ಇರಲ್ಲ. ಹೀಗೆ ಬರೆದಿಟ್ಟರೆ ಇರುತ್ತದೆ.

ನಂತರ ಅಕೌಂಟ್ಸ್ ವಿಭಾಗದಿಂದ ಲೆಕ್ಕ ಬಂತು: 50,000. ಇದು ಹೇಗೆ ಬಂತು ಎಂದು ಅರ್ಥವಾಗಲು ನನಗೆ ಒಂದು ಸಂಜೆ ಹಿಡಿಯಿತು. ಮಗನಿಗೆ ಸೇರುವಾಗ ಅವರ ಪರೀಕ್ಷೆ ಬರೆಸಿ ಶೇ. 20 ಸ್ಕಾಲರ್‌ಶಿಪ್ ಕೊಟ್ಟಿದ್ದರು. ಮೂಲ ಟ್ಯೂಷನ್ 1,25,000. ಅದರಲ್ಲಿ 25,000 ಬಿಟ್ಟು ನಾವು ಒಂದು ಲಕ್ಷ ಕಟ್ಟಿದ್ದೆವು. ಈಗ ಅವರು ಮೂಲ ಫೀಸಿನ ಶೇ. 40, ಅಂದರೆ 50,000 ತಮ್ಮದು ಎಂದು ಹಿಡಿದು, ನಾವು ಕಟ್ಟಿದ್ದರಿಂದ ಅದನ್ನು ಕಳೆದಿದ್ದರು. ಕೋರ್ಸ್ ಬಿಟ್ಟವರಿಗೆ ಸ್ಕಾಲರ್‌ಶಿಪ್ ರದ್ದಾಗುತ್ತದೆ ಎಂಬುದು ಅವರ ಉತ್ತರ. ಎಷ್ಟೋ ಸೆಂಟರುಗಳ ಫಾರಂನಲ್ಲಿ ಹಾಗೆ ಬರೆದಿರುತ್ತಾರೆ ಕೂಡ. ಬರೆದಿದ್ದರೆ ನಾನು ಸುಮ್ಮನಾಗುತ್ತಿದ್ದೆ. ನಮ್ಮ ಫಾರಂನ ಹನ್ನೊಂದೂ ನಿಯಮ ಮತ್ತೆ ಓದಿದೆ. ಸ್ಕಾಲರ್‌ಶಿಪ್ ಲೆಟರ್ ಹುಡುಕಿ ಓದಿದೆ. ಎಲ್ಲೂ ಆ ಮಾತಿಲ್ಲ. ಇದ್ದದ್ದು ‘ಕಟ್ಟಿದ ಟ್ಯೂಷನ್ ಫೀಸಿನ ಶೇ. 60’. ಮೂಲ ಫೀಸು ಅಲ್ಲ, ಕಟ್ಟಿದ ಫೀಸು. ಆ ಎರಡು ಪದಕ್ಕೆ ಅಡಿಗೆರೆ ಹಾಕಿ, ಫಾರಂನ ಫೋಟೋ ಲಗತ್ತಿಸಿ, ‘ಸ್ಕಾಲರ್‌ಶಿಪ್ ವಾಪಸ್ ಪಡೆಯುವ ನಿಯಮ ಎಲ್ಲಿದೆ, ದಯವಿಟ್ಟು ತೋರಿಸಿ’ ಎಂದು ಕೇಳಿದೆ. ಎರಡು ದಿನದ ನಂತರ ಲೆಕ್ಕ 60,000 ಆಯಿತು. ನಿಯಮ ಮಾತ್ರ ತೋರಿಸಲಿಲ್ಲ.

ಜಿಎಸ್‌ಟಿ ವಿಷಯದಲ್ಲಿ ಅವರ ಫಾರಂ ಏನೂ ಹೇಳುತ್ತಿರಲಿಲ್ಲ. ‘ಅದು ಸರ್ಕಾರಕ್ಕೆ ಕಟ್ಟಿಯಾಗಿದೆ, ವಾಪಸ್ ಬರಲ್ಲ’ ಎಂದರು. ನಮ್ಮ ಅಂಗಡಿಯ ಟ್ಯಾಕ್ಸ್ ಲೆಕ್ಕ ನೋಡುವವರನ್ನು ಕೇಳಿದೆ. ಅವರು ಹೇಳಿದ್ದು ಸರಳವಾಗಿತ್ತು: "ಅಕ್ಕಾ, ಸರ್ವೀಸ್ ಕೊಡದೆ ಹಣ ವಾಪಸ್ ಮಾಡಿದರೆ ಅವರು ನಿಮ್ಮ ಹೆಸರಿಗೆ ಕ್ರೆಡಿಟ್ ನೋಟ್ ಹಾಕಬಹುದು. ಅಷ್ಟು ಟ್ಯಾಕ್ಸ್ ಅವರ ಬಾಕಿಯಲ್ಲಿ ಕಡಿಮೆ ಆಗುತ್ತೆ. ಅವರ ಕೈಯಿಂದ ಹೋಗಲ್ಲ." ಅದಕ್ಕೆ ಗಡುವು ಮುಂದಿನ ಆರ್ಥಿಕ ವರ್ಷದ ನವೆಂಬರ್ 30. ನಮ್ಮ ಬಿಲ್ ಇನ್ನೂ ಎರಡು ತಿಂಗಳ ಹಳೆಯದು. ಇದನ್ನೇ ಇಮೇಲಿನಲ್ಲಿ ಬರೆದೆ. ಉತ್ತರ ಬರಲಿಲ್ಲ.

30 ಕೆಲಸದ ದಿನ ಕಳೆದವು. 60,000ವೂ ಬರಲಿಲ್ಲ. ಮೂರು ದಿನ ಹೆಚ್ಚಿಗೆ ಕಾದು 1915ಕ್ಕೆ ಫೋನ್ ಮಾಡಿದೆ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿದರು. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಸಂಸ್ಥೆಗೆ ಕಳಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಆದರೆ ಆ ದೂರು ಹೋದರೆ ಸಂಸ್ಥೆಯಲ್ಲಿ ಬೇರೆ ಯಾರೋ ಫೈಲ್ ತೆರೆಯುತ್ತಾರೆ. ನನ್ನ ಫೈಲ್ ತೆರೆದವರಿಗೆ ಸಿಕ್ಕಿದ್ದು ಅವರದೇ ನಿಯಮ, ಅವರದೇ ರಸೀದಿ, ಗಡುವಿನ ಒಳಗಿನ ಅರ್ಜಿ. ಇದೂ ಆಗದಿದ್ದರೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋದು ಎಂದು ನಾವು ತೀರ್ಮಾನಿಸಿದ್ದೆವು. ಸೆಂಟರ್ ದಾವಣಗೆರೆಯಲ್ಲಿದ್ದರೂ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವಿಷಯಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು.

ಅಲ್ಲಿಯವರೆಗೆ ಹೋಗಲಿಲ್ಲ. ದೂರು ಕೊಟ್ಟ ಹನ್ನೆರಡನೇ ದಿನ ಸೆಂಟರಿನಿಂದ ಕರೆ ಬಂತು. ಐಡಿ ಕಾರ್ಡ್, ಮೂಲ ರಸೀದಿ ತನ್ನಿ ಎಂದರು. ಎರಡರ ಜೆರಾಕ್ಸ್ ಮಾಡಿಸಿಕೊಂಡೇ ಹೋದೆ. ಅಲ್ಲಿ ಒಂದು ಕಾಗದಕ್ಕೆ ಸಹಿ ಕೇಳಿದರು: ಈ ಮೊತ್ತದೊಂದಿಗೆ ಎಲ್ಲ ಬಾಕಿ ತೀರಿದೆ, ಇನ್ನೇನೂ ಕೇಳುವುದಿಲ್ಲ. ಮೊತ್ತದ ಜಾಗ ಖಾಲಿ ಇತ್ತು. 70,800 ಎಂದು ಅಂಕೆಯಲ್ಲೂ ಅಕ್ಷರದಲ್ಲೂ ಬರೆದು, ‘ಹಣ ಖಾತೆಗೆ ಬಂದ ನಂತರ’ ಎಂದು ಸೇರಿಸಿ ಸಹಿ ಹಾಕಿದೆ. ಮ್ಯಾನೇಜರ್ ಸ್ವಲ್ಪ ಹೊತ್ತು ಫೋನಿನಲ್ಲಿ ಮಾತಾಡಿ ಬಂದು ಒಪ್ಪಿದರು. ವಾರದೊಳಗೆ ಎರಡು ಕಂತಿನಲ್ಲಿ ಪೂರ್ತಿ ಬಂತು. ಕ್ರೆಡಿಟ್ ನೋಟ್ ಇಮೇಲಿನಲ್ಲಿ ಬಂತು.

ನಮ್ಮ ಬೀದಿಯ ಇನ್ನೊಬ್ಬರು ಇದೇ ರೀತಿ ಕೇಳಲು ಹೊರಟಾಗ ಬೇರೆ ತೊಡಕು ಸಿಕ್ಕಿತು. ಅವರು ಫೀಸು ಕಟ್ಟಿದ್ದು ಬಡ್ಡಿಯಿಲ್ಲದ ಕಂತಿನ ಸಾಲದಲ್ಲಿ. ಕೋರ್ಸ್ ಬಿಟ್ಟ ಕೂಡಲೇ ಕಂತು ನಿಲ್ಲಿಸಿದರು. ಸಾಲ ಕೊಟ್ಟ ಫೈನಾನ್ಸ್ ಕಂಪನಿಗೆ ಸೆಂಟರಿನ ಜಗಳ ಸಂಬಂಧವಿಲ್ಲ, ಸಿಬಿಲ್ ಸ್ಕೋರ್ ಬಿತ್ತು. ಹಾಗೆ ಕಟ್ಟಿದವರು ರೀಫಂಡ್ ಇತ್ಯರ್ಥ ಆಗುವವರೆಗೂ ಕಂತು ಕಟ್ಟುತ್ತಲೇ ಇರಬೇಕು. ಅರ್ಜಿಯ ಒಂದು ಪ್ರತಿಯನ್ನು ಫೈನಾನ್ಸ್ ಕಂಪನಿಗೂ ಕಳಿಸಬೇಕು.

ನನ್ನಿಂದಲೂ ಒಂದು ತಪ್ಪಾಯಿತು. ನಿಯಮದಲ್ಲಿದ್ದದ್ದು ‘ಕೊಟ್ಟ ಪುಸ್ತಕಗಳ ಹಣ ವಾಪಸ್ ಇಲ್ಲ’ ಎಂದು. ಐದು ಸೆಟ್ ಪುಸ್ತಕಗಳಲ್ಲಿ ಮಗನಿಗೆ ಕೊಟ್ಟಿದ್ದು ಎರಡೇ. ಉಳಿದ ಮೂರು ಸೆಟ್ ಕೈಗೆ ಬಂದೇ ಇರಲಿಲ್ಲ. ಆ 12,000ದಲ್ಲಿ ಒಂದು ಪಾಲನ್ನು ಅದೇ ನಿಯಮದ ಆಧಾರದ ಮೇಲೆ ಕೇಳಬಹುದಿತ್ತು. ಅದು ನನಗೆ ಹೊಳೆದಿದ್ದು ಮಗನ ಸಾಮಾನು ಶಿವಮೊಗ್ಗಕ್ಕೆ ಕಟ್ಟುವಾಗ, ಆ ಎರಡು ಸೆಟ್ ಪಕ್ಕಕ್ಕಿಟ್ಟಾಗ. ಅಷ್ಟರಲ್ಲಿ ‘ಇನ್ನೇನೂ ಕೇಳುವುದಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿ ಆಗಿತ್ತು.