ಗೌಡರು ಬಸ್ ಹತ್ತುವ ಮೊದಲು

ಬೆಂಗಳೂರಿನಲ್ಲಿ ವಕೀಲಿಕೆ ಮಾಡುವವರಿಗೆ ಸಂಜೆಯ ಹೊತ್ತು ಒಂದು ಅಭ್ಯಾಸ ಇರುತ್ತದೆ. ಹೈಕೋರ್ಟಿನ ಮರುದಿನದ ಕಾಸ್ ಲಿಸ್ಟ್ ಬಂತಾ ಅಂತ ನೋಡೋದು. ಯಾವ ಕೇಸು ಯಾವ ಹಾಲ್‌ನಲ್ಲಿ, ಎಷ್ಟನೇ ನಂಬರಿಗೆ ಇದೆ ಅನ್ನೋದು ಅದರಲ್ಲಿರುತ್ತದೆ. ಕೆಳಗಿನ ಕೋರ್ಟಿನಲ್ಲಾದರೆ ಮುಂದಿನ ತಾರೀಖು ಮೊದಲೇ ಗೊತ್ತಿರುತ್ತದೆ. ಹೈಕೋರ್ಟಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಕೇಸು ಕೂಡ ಒಂದು ಸಂಜೆ ಲಿಸ್ಟಿನಲ್ಲಿ ಕಾಣಿಸಿಕೊಂಡುಬಿಡುತ್ತದೆ.

ನನಗೆ ಹಾಗಾದದ್ದು ಜುಲೈ 10ರ ಬುಧವಾರ, ಸಂಜೆ ಏಳಕ್ಕೆ ಹತ್ತು ನಿಮಿಷ ಇರುವಾಗ. ಬಹಳ ದಿನದಿಂದ ಕಾಯುತ್ತಿದ್ದ ಒಂದು ಕೇಸು ಗುರುವಾರಕ್ಕೆ ಬಂದಿತ್ತು, 23ನೇ ನಂಬರ್. ಅದೇ ಗುರುವಾರ ಬೆಳಿಗ್ಗೆ 11 ಗಂಟೆಗೆ ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರಿಗೆ ನಾನು ಟೈಮ್ ಕೊಟ್ಟಿದ್ದೆ. ಅವರನ್ನು ಇಲ್ಲಿ ಗೌಡರು ಅಂತಲೇ ಕರೆಯುತ್ತೇನೆ. ವಯಸ್ಸು ಎಪ್ಪತ್ತರ ಹತ್ತಿರ. ಬೆಂಗಳೂರಿನ ಒಂದು ಸೈಟಿನ ವಿಷಯದಲ್ಲಿ ಅಣ್ಣನ ಮಕ್ಕಳು ಅವರ ಮೇಲೆ ದಾವೆ ಹಾಕಿದ್ದರು. ಗೌಡರು ರಾತ್ರಿ ಬಸ್ಸಿಗೆ ಹೊರಟು ಬರುವವರಿದ್ದರು.

23ನೇ ನಂಬರ್ ಅಂದರೆ ಎಷ್ಟು ಗಂಟೆಗೆ ಅಂತ ಹೇಳೋಕೆ ಆಗಲ್ಲ. ಅದಕ್ಕಿಂತ ಮೊದಲಿನ ಕೇಸುಗಳು ಬೇಗ ಮುಗಿದರೆ ಹನ್ನೊಂದೂವರೆಗೇ ಕೂಗಬಹುದು. ಯಾವುದೋ ಒಂದರಲ್ಲಿ ವಾದ ಉದ್ದ ಆದರೆ ಸಂಜೆ ನಾಲ್ಕಾದರೂ ಸರದಿ ಬರದೇ ಇರಬಹುದು. ಹಾಗಾಗಿ 'ಗೌಡರನ್ನು ಮಧ್ಯಾಹ್ನಕ್ಕೆ ಕೂರಿಸೋಣ' ಅನ್ನೋ ಯೋಚನೆಯನ್ನು ಅಲ್ಲೇ ಬಿಟ್ಟೆ. ಅವರು ನನ್ನ ಎದುರು ಕೂತಿರುವಾಗ ನನ್ನ ಕಣ್ಣು ಫೋನಿನಲ್ಲಿ ಓಡುವ ನಂಬರ್ ಮೇಲೇ ಇರುತ್ತದೆ. ಅಂಥ ಭೇಟಿಗಿಂತ ಭೇಟಿ ಮುಂದೆ ಹಾಕೋದೇ ಮೇಲು.

ಮೊದಲು ನೋಡಿದ್ದು, ಬದಲಾಯಿಸೋದು ನಿಜವಾಗಿಯೂ ಬೇಕಾ ಅಂತ. ಹೈಕೋರ್ಟಿನ ಕೇಸಿಗೆ ಜೂನಿಯರ್ ಕಳಿಸಬಹುದಿತ್ತಾ? ಬರೀ ಮುಂದಿನ ತಾರೀಖು ತಗೊಳ್ಳೋದಾಗಿದ್ದರೆ ಕಳಿಸುತ್ತಿದ್ದೆ. ಆದರೆ ಅವತ್ತು ವಾದ ಮಾಡಬೇಕಿತ್ತು, ಅದನ್ನು ತಯಾರು ಮಾಡಿಕೊಂಡಿದ್ದವಳು ನಾನು. ಇನ್ನು ಗೌಡರ ಜೊತೆ ಜೂನಿಯರ್ ಕೂರಬಹುದಿತ್ತಾ? ಕಾಗದ ತಗೊಳ್ಳಬಹುದು, ಸಹಿ ಹಾಕಿಸಬಹುದು. ಆದರೆ ಮನೆಯೊಳಗಿನ ಜಗಳದ ಕಥೆಯನ್ನು ಯಾರೂ ಎರಡು ಸಲ ಮನಸ್ಸು ಬಿಚ್ಚಿ ಹೇಳಲ್ಲ. ಮೊದಲನೇ ಸಲ ಕೇಳುವವಳು ನಾನೇ ಆಗಿರಬೇಕಿತ್ತು.

ಆಮೇಲೆ ಎಷ್ಟು ದಿನ ಮುಂದೆ ಹಾಕಬಹುದು ಅನ್ನೋ ಲೆಕ್ಕ. ಸಮನ್ಸ್ ಗೌಡರ ಕೈಗೆ ಬಂದಿದ್ದು ಜೂನ್ 29ಕ್ಕೆ. ತಕರಾರು ಹಾಕೋಕೆ ಸಮನ್ಸ್ ತಲುಪಿದ ಮೇಲೆ 30 ದಿನ ಸಮಯ ಇರುತ್ತದೆ. ಕಾರಣ ಕೊಟ್ಟರೆ ಕೋರ್ಟು 90 ದಿನದವರೆಗೆ ಬಿಡಬಹುದು, ಆದರೆ ನನ್ನ ಅನುಕೂಲಕ್ಕೋಸ್ಕರ ಕಕ್ಷಿದಾರರ ದಿನಗಳನ್ನು ಖರ್ಚು ಮಾಡೋದು ನನಗೆ ಸರಿ ಕಾಣಲ್ಲ. ಅಂದರೆ ಜುಲೈ 29ರೊಳಗೆ ಫೈಲ್ ಆಗಬೇಕು. ಕರಡು ಬರೆಯೋಕೆ, ಅವರು ಓದಿ ತಿದ್ದೋಕೆ, ಸಹಿಗೆ ಒಂದು ವಾರವಾದರೂ ಬೇಕು. ಹಾಗಾದರೆ ಭೇಟಿ ಹೆಚ್ಚೆಂದರೆ ಮುಂದಿನ ವಾರದ ಮಧ್ಯದೊಳಗೆ ಆಗಲೇಬೇಕು. ಈ ಲೆಕ್ಕ ಕೈಯಲ್ಲಿ ಇಲ್ಲದೆ ಫೋನ್ ಮಾಡಿದರೆ 'ಮುಂದಿನ ವಾರ ಯಾವಾಗಾದರೂ ನೋಡೋಣ' ಅಂತ ಬಾಯಿಗೆ ಬಂದುಬಿಡುತ್ತದೆ.

ಇಷ್ಟು ಯೋಚಿಸೋಕೆ ಹತ್ತು ನಿಮಿಷ ಹಿಡಿಯಿತು. ಜಾಸ್ತಿ ತಗೊಳ್ಳುವ ಹಾಗಿರಲಿಲ್ಲ. ನನ್ನ ಲೆಕ್ಕದಲ್ಲಿ ಭೇಟಿ ಗುರುವಾರ 11 ಗಂಟೆಗೆ. ಗೌಡರ ಲೆಕ್ಕದಲ್ಲಿ ಅದು ಬುಧವಾರ ಸಂಜೆಯೇ ಶುರು. ಬಸ್ಸು ತೀರ್ಥಹಳ್ಳಿಯಿಂದ ಒಂಬತ್ತೂವರೆಗೆ. ಅವರ ಮನೆ ಅಲ್ಲಿಂದ ಹದಿನಾರು ಕಿಲೋಮೀಟರ್ ಒಳಗೆ. ಜುಲೈ ತಿಂಗಳ ಮಳೆಯಲ್ಲಿ ಅವರು ಎಂಟಕ್ಕೇ ಮನೆ ಬಿಡುತ್ತಾರೆ.

ಇದು ನನಗೆ ಗೊತ್ತಾದದ್ದು ಕಹಿ ಅನುಭವದಿಂದ. ವಕೀಲಿಕೆ ಶುರು ಮಾಡಿದ ಹೊಸತರಲ್ಲಿ ದೂರದ ಊರಿನ ಇನ್ನೊಬ್ಬರಿಗೆ ರಾತ್ರಿ ಹತ್ತಕ್ಕೆ 'ನಾಳೆಯ ಭೇಟಿ ಮುಂದೂಡಲಾಗಿದೆ' ಅಂತ ಮೆಸೇಜ್ ಹಾಕಿ ಮಲಗಿದ್ದೆ. ಅವರು ಆಗಲೇ ಬಸ್ಸಿನಲ್ಲಿದ್ದರು, ಫೋನ್ ನೋಡಿರಲಿಲ್ಲ. ಬೆಳಿಗ್ಗೆ ಆಫೀಸಿಗೆ ಬಂದು ಸಂಜೆ ನಾಲ್ಕರವರೆಗೆ ಬೆಂಚಿನ ಮೇಲೆ ಕೂತಿದ್ದರು. ಒಂದು ಮಾತು ಜೋರಾಗಿ ಆಡಲಿಲ್ಲ. ಮುಂದಿನ ತಿಂಗಳು ಬಂದು ಫೈಲ್ ವಾಪಸ್ ಕೇಳಿದರು. ಆ ಬೆಂಚು ಈಗಲೂ ಆಫೀಸಿನಲ್ಲಿದೆ. ಅದನ್ನು ನೋಡಿದಾಗಲೆಲ್ಲ ಅವರ ನೆನಪಾಗುತ್ತದೆ.

ಏಳಕ್ಕೆ ಸರಿಯಾಗಿ ಗೌಡರಿಗೆ ಫೋನ್ ಮಾಡಿದೆ. ಸಿಗಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಸಿಗ್ನಲ್ಲೂ ಹೋಗುತ್ತದೆ. 'ಗೌಡ್ರೇ, ಬಸ್ ಹತ್ತುವ ಮೊದಲು ದಯವಿಟ್ಟು ನನಗೆ ಫೋನ್ ಮಾಡಿ' ಅಂತ ಒಂದು ಎಸ್ಸೆಮ್ಮೆಸ್ ಕಳಿಸಿದೆ. ವಾಟ್ಸಾಪ್ ಹಾಕಲಿಲ್ಲ, ಅದಕ್ಕೆ ನೆಟ್ ಬೇಕು. ಫೈಲಿನ ಒಳಬದಿಯಲ್ಲಿ ಮಗಳ ನಂಬರ್ ಬರೆದಿಟ್ಟಿದ್ದೆ. ಹೊರಗಿನವರಿಂದ ಯಾವಾಗಲೂ ಎರಡು ನಂಬರ್ ತಗೊಂಡಿರುತ್ತೇನೆ. ಮಗಳು ಶಿವಮೊಗ್ಗದಲ್ಲಿದ್ದಾರೆ. ಅವರು ಪಕ್ಕದ ಮನೆಯವರಿಗೆ ಹೇಳಿ, ಅವರು ಹೋಗಿ ಗೌಡರನ್ನು ಕರೆದು, ಏಳೂವರೆ ದಾಟಿದ ಮೇಲೆ ಗೌಡರ ದನಿ ಕೇಳಿಸಿತು.

"ಗೌಡ್ರೇ, ಹೊರಟಿಲ್ಲ ತಾನೇ?" ಅಂತ ಮೊದಲು ಕೇಳಿದೆ.

"ಇಲ್ಲ ಮೇಡಂ, ಬ್ಯಾಗ್ ಕಟ್ಟಿ ಇಟ್ಟೀನಿ. ಯಾಕೆ?"

"ಹೈಕೋರ್ಟಿನಲ್ಲಿ ನನ್ನ ಇನ್ನೊಂದು ಕೇಸು ನಾಳೆಗೆ ಬಂದುಬಿಟ್ಟಿದೆ. ಈಗಷ್ಟೇ ಲಿಸ್ಟ್ ನೋಡಿದೆ. ನಾನೇ ಹೋಗಿ ನಿಲ್ಲಬೇಕು. ನಿಮ್ಮನ್ನ ಅಷ್ಟು ದೂರದಿಂದ ಕರೆಸಿ ಅರ್ಧ ಮನಸ್ಸಿನಲ್ಲಿ ಮಾತಾಡೋಕೆ ನನಗೆ ಇಷ್ಟ ಇಲ್ಲ. ತಪ್ಪು ತಿಳ್ಕೋಬೇಡಿ."

ಯಾರ ಕೇಸು, ಏನು ಅಂತ ಹೇಳಲಿಲ್ಲ. ಒಬ್ಬ ಕಕ್ಷಿದಾರರ ವಿಷಯವನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ಹುಷಾರಿಲ್ಲ ಅಂತ ಸುಳ್ಳು ಹೇಳಲೂ ಇಲ್ಲ. ಕ್ಷಮೆ ಒಂದೇ ಸಲ ಕೇಳಿದೆ. ಮತ್ತೆ ಮತ್ತೆ ಕೇಳಿದರೆ 'ಪರವಾಗಿಲ್ಲ ಬಿಡಿ' ಅಂತ ಹೇಳುವ ಕೆಲಸವೂ ಅವರ ತಲೆ ಮೇಲೇ ಬೀಳುತ್ತದೆ.

ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು. ಆಮೇಲೆ ಮೆತ್ತಗೆ ಕೇಳಿದರು, "ಅವರದ್ದು ದೊಡ್ಡ ಕೇಸೇನೋ ಅಲ್ವಾ?"

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಭೇಟಿ ಮುಂದೆ ಹೋಯಿತು ಅನ್ನೋದಕ್ಕಿಂತ ತನ್ನನ್ನು ಹಿಂದೆ ತಳ್ಳಿದರು ಅನ್ನೋದೇ ಜನರಿಗೆ ನೋವು. "ದೊಡ್ಡದು ಸಣ್ಣದು ಅಂತಲ್ಲ ಗೌಡ್ರೇ. ತಾರೀಖು ಹಾಕಿದ್ದು ಕೋರ್ಟು. ನಾಳೆ ನಿಮ್ಮ ಕೇಸು ಹೀಗೇ ಬಂದರೆ ಬೇರೆಯವರಿಗೆ ಇದೇ ಥರ ಫೋನ್ ಮಾಡಿ ನಿಮ್ಮ ಪರ ನಿಲ್ತೀನಿ" ಅಂದೆ. ಅದು ನಿಜವೇ ಆಗಿತ್ತು. "ಹಂಗಾದ್ರೆ ಸರಿ" ಅಂದರು. ದನಿ ಸ್ವಲ್ಪ ಹಗುರಾಯಿತು.

ಆಮೇಲೆ ನಾನು ಒಂದು ತಪ್ಪು ಮಾಡಿದೆ. "ಶುಕ್ರವಾರ ಬರ್ತೀರಾ, ಶನಿವಾರ ಬರ್ತೀರಾ?" ಅಂತ ಕೇಳಿಬಿಟ್ಟೆ. ಎರಡೂ ಆಗುವ ಹಾಗಿರಲಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸಬೇಕಿತ್ತು, ಮರ ಹತ್ತುವ ಕೊನೆಗಾರ ಶುಕ್ರವಾರದಿಂದ ಬರ್ತೀನಿ ಅಂದಿದ್ದನಂತೆ. ಆ ದಿನ ಬಿಟ್ಟರೆ ಅವನು ಮತ್ತೆ ಯಾವಾಗ ಸಿಗುತ್ತಾನೋ, ಮಳೆ ಯಾವಾಗ ಬಿಡುವು ಕೊಡುತ್ತದೋ ಹೇಳೋಕಾಗಲ್ಲ. ಗೌಡರು ಸಂಕೋಚದ ಜೀವ. "ನೋಡ್ತೀನಿ ಮೇಡಂ, ಹೆಂಗಾದರೂ ಮಾಡಿ..." ಅಂತ ಎಳೆದರು. ಆ ಎಳೆತದಲ್ಲೇ ನನಗೆ ಗೊತ್ತಾಯಿತು. ಒಪ್ಪಿಸಿದ್ದರೆ ಒಪ್ಪುತ್ತಿದ್ದರು, ಆದರೆ ತೋಟದ ಕೆಲಸ ಕೆಟ್ಟರೆ ಆ ಬೇಜಾರು ವರ್ಷವಿಡೀ ಇರುತ್ತಿತ್ತು. "ತೋಟದ ಕೆಲಸ ಬಿಡಬೇಡಿ. ನಿಮಗೆ ಆಗದೇ ಇರೋ ದಿನ ಯಾವುದು ಅಷ್ಟು ಹೇಳಿ" ಅಂದೆ. ಭಾನುವಾರದೊಳಗೆ ಔಷಧಿ ಹೊಡೆದು ಮುಗಿಯುತ್ತೆ ಅಂದರು. ಸೋಮವಾರ, ಜುಲೈ 15 ಅಂತ ಮಾಡಿದೆವು. ಸಮನ್ಸ್ ಬಂದ 16ನೇ ದಿನ. ನನ್ನ ಲೆಕ್ಕದೊಳಗೇ ಬಂತು.

ಇನ್ನು ಸಮಯ. ಮತ್ತೆ 11 ಗಂಟೆ ಅಂದರೆ ಭಾನುವಾರ ರಾತ್ರಿಯೂ ಇದೇ ಕಥೆ ಆಗಬಹುದಿತ್ತು, ಸೋಮವಾರದ ಲಿಸ್ಟ್ ಆಗಿನ್ನೂ ಬಂದಿರಲಿಲ್ಲ. ಒಂದೇ ಭೇಟಿಯನ್ನು ಎರಡು ಸಲ ಮುಂದೆ ಹಾಕಿದರೆ ಆಮೇಲೆ ಯಾವ ಮಾತೂ ಕೆಲಸ ಮಾಡಲ್ಲ. ಕೋರ್ಟು ಕೂರೋದು ಹತ್ತೂವರೆಗೆ. ರಾತ್ರಿ ಬಸ್ಸು ಬೆಂಗಳೂರು ಮುಟ್ಟೋದು ಬೆಳಗಿನ ಜಾವ. ಗೌಡರ ತಂಗಿ ಮನೆ ವಿಜಯನಗರದಲ್ಲಿದೆ, ಅಲ್ಲಿ ಸ್ನಾನ ತಿಂಡಿ ಮುಗಿಸಿ ಎಂಟಕ್ಕೆ ನನ್ನ ಆಫೀಸಿಗೆ ಬರಬಹುದು. ಎಂಟರಿಂದ ಹತ್ತರವರೆಗಿನ ಹೊತ್ತನ್ನು ಯಾವ ಲಿಸ್ಟೂ ಮುಟ್ಟಲ್ಲ. ಈಗ ಹೊರಗಿನಿಂದ ಬರುವವರಿಗೆಲ್ಲ ನಾನು ಈ ಹೊತ್ತನ್ನೇ ಕೊಡುತ್ತೇನೆ.

ಫೋನ್ ಇಟ್ಟ ತಕ್ಷಣ ಮಗಳಿಗೂ ಗೌಡರಿಗೂ ಒಂದೇ ಮೆಸೇಜ್ ಕಳಿಸಿದೆ:

'ಗೌಡರಿಗೆ ನಮಸ್ಕಾರ. ನಾಳೆ ಗುರುವಾರದ ಭೇಟಿ ಇಲ್ಲ. ಸೋಮವಾರ ಜುಲೈ 15, ಬೆಳಿಗ್ಗೆ 8 ಗಂಟೆಗೆ ನನ್ನ ಆಫೀಸಿನಲ್ಲಿ. ತಕರಾರು ಹಾಕಲು ಜುಲೈ 29ರವರೆಗೆ ಸಮಯ ಇದೆ, ಇದರಿಂದ ಕೇಸಿಗೆ ತೊಂದರೆ ಇಲ್ಲ. ಕ್ರಯಪತ್ರ ಮತ್ತು ಸಮನ್ಸ್ ಜೊತೆ ಬಂದ ಕಾಗದಗಳ ಫೋಟೋ ಮಗಳ ಮೂಲಕ ಕಳಿಸಿ. ಅಸಲು ಸೋಮವಾರ ತನ್ನಿ.'

'ಕೇಸಿಗೆ ತೊಂದರೆ ಇಲ್ಲ' ಅನ್ನೋ ಸಾಲು ಬಿಡುವ ಹಾಗಿರಲಿಲ್ಲ. ಗೌಡರು ಫೋನಿನಲ್ಲಿ ಅದನ್ನು ಕೇಳಲಿಲ್ಲ. ಆದರೆ ರಾತ್ರಿ ನಿದ್ದೆ ಬರದೆ ಯೋಚಿಸುವುದು ಅದನ್ನೇ. ಫೋಟೋ ಕೇಳಿದ್ದಕ್ಕೂ ಕಾರಣ ಇತ್ತು. ಗುರುವಾರವೇ ಬಂದಿದ್ದರೆ ಅವತ್ತು ಮಾತು, ಆಮೇಲೆ ಕರಡು, ಸಹಿಗೆ ಇನ್ನೊಂದು ಸಲ ಬೆಂಗಳೂರು. ಈಗ ನಡುವೆ ನಾಲ್ಕು ದಿನ ಸಿಕ್ಕಿತ್ತು. ಶುಕ್ರವಾರ ಫೋಟೋ ಬಂದವು. ಶನಿವಾರ ರಾತ್ರಿ ತೋಟದ ಕೆಲಸ ಮುಗಿಸಿ ಕೂತಾಗ ಫೋನಿನಲ್ಲಿ ಮುಕ್ಕಾಲು ಗಂಟೆ ಕಥೆ ಹೇಳಿದರು. ಭಾನುವಾರ ನಾನು ಕರಡು ಬರೆದಿಟ್ಟೆ. ಎರಡು ಸಲದ ಓಡಾಟ ಒಂದಕ್ಕೆ ಇಳಿಯಿತು. ನಾನು ಕೇಳಿದ ಕ್ಷಮೆಗಿಂತ ಇದು ಅವರಿಗೆ ಹೆಚ್ಚು ಉಪಯೋಗಕ್ಕೆ ಬಂತು.

ಟಿಕೆಟ್ ವಿಷಯ ಒಂದು ಉಳಿದಿತ್ತು. ಬಸ್ ಹೊರಡೋಕೆ ಎರಡು ಗಂಟೆ ಇರುವಾಗ ರದ್ದು ಮಾಡಿದ ಟಿಕೆಟ್ಟು, ಆ ನಷ್ಟ ನನ್ನದು ಅಂದೆ. "ಅಯ್ಯೋ ಬಿಡಿ ಮೇಡಂ" ಅಂತ ಅವರು ಒಪ್ಪಲಿಲ್ಲ. ನಾನೂ ವಾದ ಮಾಡಲಿಲ್ಲ. ಭಾನುವಾರ ರಾತ್ರಿ ಬೆಂಗಳೂರು ಬಸ್ಸುಗಳು ತುಂಬಿರುತ್ತವೆ ಅಂತ ನಮ್ಮ ಗುಮಾಸ್ತರ ಕೈಯಲ್ಲಿ ಅವತ್ತೇ ಮುಂದಿನ ಸೀಟು ಬುಕ್ ಮಾಡಿಸಿ, ಹೊಸ ಟಿಕೆಟ್ಟನ್ನು ಮಗಳ ಫೋನಿಗೆ ಕಳಿಸಿದೆ. ಅದರ ದುಡ್ಡನ್ನು ಬಿಲ್ಲಿಗೆ ಸೇರಿಸಲಿಲ್ಲ.

ಸೋಮವಾರ ಎಂಟಕ್ಕೆ ಐದು ನಿಮಿಷ ಮೊದಲೇ ಗೌಡರು ಬಂದರು. ಕೊಡೆ ಮಡಚಿ ಬಾಗಿಲ ಹೊರಗೇ ನಿಲ್ಲಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದದ ಕಟ್ಟು ಮೇಜಿನ ಮೇಲಿಟ್ಟರು. ಕರಡನ್ನು ನಿಧಾನವಾಗಿ ಅವರಿಗೆ ಓದಿ ಹೇಳಿದೆ. ಮೂರು ಕಡೆ ತಿದ್ದಿಸಿದರು. ಅದರಲ್ಲೊಂದು, ಅಣ್ಣ ಸೈಟಿಗೆ ದುಡ್ಡು ಕೊಟ್ಟಿದ್ದರು ಅನ್ನೋ ಮಾತಿನ ಬಗ್ಗೆ. ಫೋಟೋದಲ್ಲಿ ಅಸ್ಪಷ್ಟವಾಗಿದ್ದ ಒಂದು ರಸೀದಿ ಅಸಲಿನಲ್ಲಿ ಸ್ಪಷ್ಟವಾಗಿತ್ತು. ಹತ್ತು ಗಂಟೆಯೊಳಗೆ ವಕಾಲತ್ತು, ತಕರಾರು, ಅಫಿಡವಿಟ್ ಎಲ್ಲದಕ್ಕೂ ಸಹಿ ಆಯಿತು. "ಇನ್ನೊಂದು ಸಲ ಬರೋದು ಬೇಡ್ವಾ?" ಅಂತ ಎರಡು ಸಲ ಕೇಳಿದರು. ಬೇಡ ಅಂದೆ. ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೊರಟರು. ತಕರಾರು ಜುಲೈ 19ರಂದು ಫೈಲ್ ಆಯಿತು.